ಕೆಳಗಿನ ಹಲ್ಲುಸೆಟ್ಟಿಗೆ ಎರಡು ಗುಂಡಿ: ನನ್ನ ಆರು ತಿಂಗಳ ಲೆಕ್ಕ

ಹನ್ನೊಂದು ವರ್ಷ ನನ್ನ ಕೆಳಗಿನ ಹಲ್ಲುಸೆಟ್ಟನ್ನು ಹಿಡಿದು ನಿಲ್ಲಿಸಿದ್ದು ನನ್ನ ನಾಲಿಗೆ. ಮಾತಾಡುವಾಗ, ಅಗಿಯುವಾಗ, ಸುಮ್ನೆ ಕೂತಾಗ ಕೂಡ ಅದು ಸೆಟ್ಟನ್ನು ಕೆಳಕ್ಕೆ ಒತ್ತಿಕೊಂಡೇ ಇರುತ್ತಿತ್ತು. ಸೀನು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು. ಸೆಟ್ಟು ಹಾರಿ ಬೀಳದಿರಲಿ ಅಂತ. ಊಟಕ್ಕೆ ಯಾರಾದರೂ ಕರೆದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮೇಲಿನ ಸೆಟ್ಟಿನಿಂದ ಇಂಥ ತೊಂದರೆ ಒಂದು ದಿನವೂ ಆಗಲಿಲ್ಲ.

ಈಗ ಆ ಕೆಳಸೆಟ್ಟು ದವಡೆ ಮೂಳೆಯಲ್ಲಿ ಸ್ಕ್ರೂ ಥರ ಕೂತಿರುವ ಎರಡು ಟೈಟೇನಿಯಂ ಇಂಪ್ಲಾಂಟ್‌ಗಳ ಮೇಲೆ ಟಿಚ್ ಬಟನ್ ಥರ ಕೂತುಕೊಳ್ಳುತ್ತದೆ. ಮೊದಲ ಸಲ ಡಾಕ್ಟರ್ ಹತ್ತಿರ ಹೋದ ದಿನದಿಂದ ಇಲ್ಲಿಗೆ ಬರಲು ಆರು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ನಾನು ತಪ್ಪು ತಿಳಿದುಕೊಂಡಿದ್ದು, ಯಾರೂ ಮೊದಲೇ ಹೇಳದೇ ಇದ್ದದ್ದು ಬೇಕಾದಷ್ಟಿತ್ತು. ಇದೇ ದಾರಿ ಹಿಡಿಯಬೇಕು ಅಂತ ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೋದ ಕಡೆ ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಬಾಯಿ ನೋಡಿದರು. "ಎರಡು ಇಂಪ್ಲಾಂಟ್ ಹಾಕಿ ಇದೇ ಸೆಟ್ಟಿಗೆ ಬಟನ್ ಕೂರಿಸೋಣ" ಅಂದರು. ಒಂದು ಚೀಟಿಯಲ್ಲಿ ದರ ಬರೆದುಕೊಟ್ಟರು. ನನಗೆ ಖುಷಿಯೇ ಆಯಿತು. ಆದರೆ ಮಗಳು ಬಿಡಲಿಲ್ಲ. "ಇಷ್ಟು ದುಡ್ಡು ಹಾಕ್ತೀಯ, ಇನ್ನೊಬ್ಬರಿಗೆ ತೋರಿಸಮ್ಮ" ಅಂತ ಹಟ ಹಿಡಿದಳು.

ಎರಡನೇ ಡಾಕ್ಟರ್ ಹಲ್ಲುಸೆಟ್ಟು ಮಾಡುವುದರಲ್ಲೇ ಪಳಗಿದವರು. ಅವರು ಮೊದಲಿಗೆ ಇಂಪ್ಲಾಂಟ್ ಮಾತನ್ನೇ ಎತ್ತಲಿಲ್ಲ. ಸೆಟ್ಟು ಕೈಗೆ ತಗೊಂಡು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದರು. ಆಮೇಲೆ ಬಾಯಿಗೆ ಹಾಕಿಸಿ ನಿಧಾನವಾಗಿ ಕಚ್ಚಲು ಹೇಳಿದರು. ಬಲಗಡೆಯ ಹಲ್ಲು ಮೊದಲು ತಾಗುತ್ತಿತ್ತು. ಆಮೇಲೆ ಸೆಟ್ಟು ಜಾರಿ ಎಡಗಡೆ ಕೂರುತ್ತಿತ್ತು. ಅಗಿಯುವ ಹಲ್ಲುಗಳ ಮೇಲ್ಮೈ ಸವೆದು ಚಪ್ಪಟೆಯಾಗಿತ್ತು. "ಅಮ್ಮಾ, ನಿಮ್ಮ ಸೆಟ್ಟು ಸಡಿಲ ಇರೋದು ನಿಜ. ಆದರೆ ಅದರಲ್ಲಿ ಅರ್ಧ ತಪ್ಪು ಸೆಟ್ಟಿನದು, ಅರ್ಧ ದವಡೆಯದು. ಇಂಪ್ಲಾಂಟ್ ದವಡೆ ತಪ್ಪನ್ನ ಮಾತ್ರ ಸರಿ ಮಾಡುತ್ತೆ" ಅಂದರು.

ದವಡೆಯ ತಪ್ಪು ಏನು ಅಂತ ಅವರೇ ಹೇಳಿದರು. ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚಿಕೊಂಡು ಕೂರುತ್ತದೆ. ನಡುವೆ ಎಂಜಲಿನ ತೆಳು ಪದರ ಇರುತ್ತದೆ, ಗಾಳಿ ಹೋಗಲು ಜಾಗ ಇರುವುದಿಲ್ಲ. ಅದಕ್ಕೇ ಅದು ಅಂಟಿಕೊಂಡಂತೆ ನಿಲ್ಲುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ. ನಡುವೆ ನಾಲಿಗೆ, ಹೊರಗೆ ಕೆನ್ನೆ, ಎರಡೂ ಸದಾ ಅಲ್ಲಾಡುತ್ತಿರುತ್ತವೆ. ಅದು ಕೂರುವ ಜಾಗವೂ ಚಿಕ್ಕದು. ಜೊತೆಗೆ ಹಲ್ಲು ಕಿತ್ತ ಮೇಲೆ ದವಡೆಯ ದಿಣ್ಣೆ ಕರಗುತ್ತಾ ಹೋಗುತ್ತದೆ. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗುತ್ತದಂತೆ. ನನ್ನ ದಿಣ್ಣೆ ಹಿಂದುಗಡೆ ಬಹುತೇಕ ಮಟ್ಟಸವಾಗಿಬಿಟ್ಟಿತ್ತು. ನಾಲಿಗೆ ಹಿಂದಕ್ಕೆ ಎಳೆದುಕೊಂಡರೆ ಸೆಟ್ಟು ಎದ್ದು ಬರುತ್ತಿದ್ದುದು ಅದಕ್ಕೇ.

ಅವರ ಪ್ರಕಾರ ಮೊದಲು ಎರಡೂ ಸೆಟ್ಟು ಹೊಸದಾಗಿ, ಸರಿಯಾಗಿ ಆಗಬೇಕು. ಅದನ್ನು ಒಂದು ತಿಂಗಳು ಹಾಕಿಕೊಂಡು ನೋಡಬೇಕು. ಆಮೇಲೂ ತೊಂದರೆ ಇದ್ದರೆ ಇಂಪ್ಲಾಂಟ್. ಕೆಲವರಿಗೆ ಹೊಸ ಸೆಟ್ಟೇ ಸಾಕಾಗಿಬಿಡುತ್ತದೆ ಅಂದರು. ನನಗೆ ಆಗ ಇದು ದುಡ್ಡು ಕೀಳುವ ದಾರಿ ಅನ್ನಿಸಿತು. ಈಗ ನೋಡಿದರೆ ಇಡೀ ಪ್ರಯಾಣದಲ್ಲಿ ಸಿಕ್ಕ ಅತಿ ಒಳ್ಳೆಯ ಸಲಹೆ ಅದೇ. ಕಚ್ಚು ತಪ್ಪಿರುವ ಸೆಟ್ಟಿಗೆ ಬಟನ್ ಹಾಕಿದರೆ ಸೆಟ್ಟು ಬಟನ್ ಮೇಲೆ ಅಲ್ಲಾಡುತ್ತದೆ, ಬಟನ್ ಬೇಗ ಸವೆಯುತ್ತದೆ, ಅಷ್ಟೇ.

ಹೊಸ ಸೆಟ್ಟಿಗೆ ಐದು ಸಲ ಹೋಗಿಬಂದೆ, ಐದು ವಾರ. ಅಳತೆ ತೆಗೆಯುವುದು, ಕಚ್ಚು ನೋಡುವುದು, ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸುವುದು, ಇವೆಲ್ಲ ಸೆಟ್ಟು ಹಾಕುವ ಎಲ್ಲರಿಗೂ ಗೊತ್ತಿರುವುದೇ. ಮೇಣದ ಸೆಟ್ಟು ತೋರಿಸುವ ದಿನ ಮಾತ್ರ ಒಂದು ಪ್ರಶ್ನೆ ಕೇಳಿ: "ಇದರೊಳಗೆ ಬಟನ್ ಕೂರಿಸಲು ಜಾಗ ಇದೆಯಾ?" ಬಟನ್ನೂ ಅದರ ಮೇಲಿನ ಲೋಹದ ಟೋಪಿಯೂ ಸೇರಿ ಸೆಟ್ಟಿನ ದಪ್ಪದಲ್ಲಿ ಕೆಲವು ಮಿಲಿಮೀಟರ್ ತಿನ್ನುತ್ತವೆ. ಮೇಲೆ ಉಳಿದ ಪ್ಲಾಸ್ಟಿಕ್ ತೆಳ್ಳಗಾದರೆ ಸೆಟ್ಟು ಸರಿಯಾಗಿ ಅಲ್ಲೇ ಸೀಳುತ್ತದೆ. ಈ ಚಿಕಿತ್ಸೆಯಲ್ಲಿ ಪದೇ ಪದೇ ಕೇಳಿಬರುವ ದೂರುಗಳಲ್ಲಿ ಅದೂ ಒಂದು. ನನ್ನದರಲ್ಲಿ ಜಾಗ ಬಿಗಿಯಾಗಿತ್ತು, ಅದಕ್ಕೆ ಒಳಗೆ ಲೋಹದ ಜಾಲರಿ ಸೇರಿಸಿದರು. ಸ್ವಲ್ಪ ಹೆಚ್ಚು ಖರ್ಚು, ಆದರೆ ಬೇಕಾದ ಖರ್ಚು.

ಹೊಸ ಸೆಟ್ಟು ಹಾಕಿಕೊಂಡು ಒಂದು ತಿಂಗಳು ಕಳೆದೆ. ಮಾತು ಸುಧಾರಿಸಿತು. ಒಸಡಿನ ಹುಣ್ಣು ಕಡಿಮೆಯಾಯಿತು. ಕಚ್ಚಿದಾಗ ಎರಡೂ ಕಡೆ ಒಟ್ಟಿಗೆ ತಾಗುತ್ತಿತ್ತು. ಆದರೆ ನಾಲಿಗೆ ತನ್ನ ಕಾವಲು ಕೆಲಸ ಬಿಡಲಿಲ್ಲ. ಅಂಟಿನ ಪೇಸ್ಟ್ ಇಲ್ಲದೆ ಊಟ ಮಾಡಲು ಆಗಲಿಲ್ಲ. ಹಾಗಾಗಿ ಇಂಪ್ಲಾಂಟ್ ಅಂತ ತೀರ್ಮಾನವಾಯಿತು.

ಎಷ್ಟು ಇಂಪ್ಲಾಂಟ್ ಅನ್ನುವುದು ಮುಂದಿನ ಪ್ರಶ್ನೆ. ನಾಲ್ಕು ಹಾಕಿ ಮೇಲೆ ಲೋಹದ ಕಂಬಿ ಜೋಡಿಸಿ, ಸೆಟ್ಟನ್ನು ಕ್ಲಿಪ್‌ನಿಂದ ಹಿಡಿಸಬಹುದು. ತೆಗೆಯಲು ಆಗದ ಹಾಗೆ ಸ್ಕ್ರೂ ಹಾಕಿ ಬಿಗಿಯುವ ಹಲ್ಲುಗಳೂ ಇವೆ. ಇವೆಲ್ಲ ಗಟ್ಟಿ, ಆದರೆ ದುಬಾರಿ. ಬರಿ ಸಡಿಲ ಕೆಳಸೆಟ್ಟಿನ ಕಾಟ ತಪ್ಪಬೇಕು ಅನ್ನುವವರಿಗೆ ಮುಂದುಗಡೆ ಎರಡು ಇಂಪ್ಲಾಂಟ್ ಸಾಕು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಸಾಮಾನ್ಯ ಸೆಟ್ಟಲ್ಲ, ಎರಡು ಇಂಪ್ಲಾಂಟ್ ಮೇಲಿನ ಸೆಟ್ಟು ಅಂತ ಹೇಳಿದ್ದರಂತೆ. ಡಾಕ್ಟರ್ ಇದನ್ನು ಹೇಳಿದಾಗ, ಹನ್ನೊಂದು ವರ್ಷದ ಹಿಂದೆ ನನಗೆ ಯಾರೂ ಯಾಕೆ ಹೇಳಲಿಲ್ಲ ಅಂತ ಸಿಟ್ಟು ಬಂತು.

ಇಲ್ಲಿ ಕಾಗದಪತ್ರದ ಎಡವಟ್ಟು ಶುರು. ತಪ್ಪು ನನ್ನದೇ. ಮೊದಲ ದಿನ ತುಂಬಿಸಿದ ಫಾರಂನಲ್ಲಿ ಯಾವ ಔಷಧಿ ತಗೊಳ್ಳುತ್ತೀರಿ ಅಂತ ಇತ್ತು. ಬಿಪಿ ಮಾತ್ರೆ ಬರೆದೆ. ಮೂಳೆ ಸವೆತಕ್ಕೆ ವಾರಕ್ಕೊಂದು ನುಂಗುವ ಮಾತ್ರೆಯನ್ನು ಬರೆಯಲೇ ಇಲ್ಲ. ಅದಕ್ಕೂ ಹಲ್ಲಿಗೂ ಏನು ಸಂಬಂಧ ಅಂತ! ಆಪರೇಷನ್ ದಿನ ಗೊತ್ತು ಮಾಡುವಾಗ ನರ್ಸ್ ಮತ್ತೊಮ್ಮೆ ಕೇಳಿದರು, ಆಗ ಬಾಯಿಬಿಟ್ಟೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಅಲೆಂಡ್ರೊನೇಟ್ ಥರದ ಮಾತ್ರೆಗಳು, ಅದಕ್ಕಿಂತ ಹೆಚ್ಚಾಗಿ ಅದೇ ಕಾಯಿಲೆಗೂ ಕ್ಯಾನ್ಸರ್‌ಗೂ ಕೊಡುವ ಕೆಲವು ಇಂಜೆಕ್ಷನ್‌ಗಳು, ದವಡೆ ಮೂಳೆ ವಾಸಿಯಾಗುವುದನ್ನು ತಡೆಯಬಹುದು. ಅಪರೂಪಕ್ಕೆ ಮೂಳೆಯ ತುಂಡೇ ಸತ್ತು ಹೊರಗೆ ಕಾಣುತ್ತದೆ. ಅದು ವಾಸಿಯಾಗುವುದು ಬಹಳ ಕಷ್ಟ.

ನಾನು ಎರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದೆ, ಸ್ಟೀರಾಯ್ಡ್ ಏನೂ ಇರಲಿಲ್ಲ. ಹಾಗಾಗಿ ಅಪಾಯ ಕಡಿಮೆ ಅಂದರು. ಆದರೂ ಮಾತ್ರೆ ಬರೆದುಕೊಟ್ಟ ಡಾಕ್ಟರರಿಂದ ಪತ್ರ ತನ್ನಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಅಂದರು. ಆ ಪತ್ರಕ್ಕೆ ಎರಡು ವಾರ ಹೋಯಿತು. ನಿಮ್ಮ ಮನೆಯ ಮಾತ್ರೆಗಳ ಪೊಟ್ಟಣವನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮೊದಲ ದಿನವೇ ತಗೊಂಡು ಹೋಗಿ. ಮರೆಯದೆ ಹೇಳಬೇಕಾದದ್ದು: ಮೂಳೆಯ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹಿಂದೆ ಯಾವಾಗಲಾದರೂ ಮುಖಕ್ಕೆ ಕುತ್ತಿಗೆಗೆ ರೇಡಿಯೇಷನ್ ಕೊಟ್ಟಿದ್ದು. ಸಕ್ಕರೆ ಇದ್ದವರಿಗೆ ಮೂರು ತಿಂಗಳ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಕೇಳುತ್ತಾರೆ. ಕಾಯಿಲೆ ಇದ್ದರೆ ಇಂಪ್ಲಾಂಟ್ ಆಗುವುದೇ ಇಲ್ಲ ಅಂತಲ್ಲ, ಅದು ಹತೋಟಿಯಲ್ಲಿ ಇರಬೇಕು.

ಸ್ಕ್ಯಾನ್ ದಿನ ಒಂದು ವಿಚಿತ್ರ. ನನ್ನ ಹೊಸ ಸೆಟ್ಟಿನ ಮೇಲೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಸಣ್ಣ ಚುಕ್ಕೆಗಳನ್ನು ಅಂಟಿಸಿ, ಅದನ್ನೇ ಹಾಕಿಕೊಂಡು ನಿಲ್ಲಲು ಹೇಳಿದರು. ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂತು, ಮುಗಿಯಿತು. ಮೂಳೆ ಎಲ್ಲಿದೆ ಅನ್ನುವುದರ ಜೊತೆಗೆ ಹಲ್ಲು ಎಲ್ಲಿ ಬರುತ್ತದೆ ಅಂತಲೂ ಕಾಣಬೇಕಲ್ವಾ, ಅದಕ್ಕೆ. ಮೂಳೆ ಚೆನ್ನಾಗಿದೆ ಅಂತ ಎಲ್ಲೋ ಹಾಕಿಬಿಟ್ಟರೆ ಬಟನ್ ಸೆಟ್ಟಿನ ಹೊರಗೆ ಇಣುಕುತ್ತದೆ.

ಪರದೆ ಮೇಲೆ ನನ್ನ ದವಡೆ ನೋಡಿ ಗಾಬರಿಯಾಯಿತು. ಹಿಂದುಗಡೆ, ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರದ ಮೇಲೆ 5 ಮಿಲಿಮೀಟರ್ ಮೂಳೆ ಮಾತ್ರ ಉಳಿದಿತ್ತು. ಅಲ್ಲಿ ಇಂಪ್ಲಾಂಟ್ ಮಾತೇ ಇಲ್ಲ. ಆದರೆ ಆ ನರ ಎರಡೂ ಕಡೆ ದವಡೆಯಿಂದ ಹೊರಗೆ ಬರುವ ತೂತುಗಳ ನಡುವಿನ ಭಾಗ, ಅಂದರೆ ಗದ್ದದ ಜಾಗ, ಗಟ್ಟಿಯಾಗಿತ್ತು. ಮೊದಲು ಕೋರೆಹಲ್ಲು ಇದ್ದ ಕಡೆ 14 ಮಿಲಿಮೀಟರ್ ಎತ್ತರ, 7 ಮಿಲಿಮೀಟರ್ ಅಗಲ. 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಎರಡು ಇಂಪ್ಲಾಂಟ್ ಹಾಕಬಹುದು ಅಂದರು. ಹಿಂದುಗಡೆ ಮೂಳೆ ಇಲ್ಲ, ಇಂಪ್ಲಾಂಟ್ ಆಗಲ್ಲ ಅಂತ ನಿಮಗೆ ಯಾರಾದರೂ ಹೇಳಿದ್ದರೆ, ಮುಂದುಗಡೆ ಹೇಗಿದೆ ಅಂತ ಮತ್ತೆ ಕೇಳಿ.

ಆಪರೇಷನ್ ದಿನ ನಾನು ಹೆದರಿದಷ್ಟು ಏನೂ ಇರಲಿಲ್ಲ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ನೇ. ನೋವಿಲ್ಲ, ಆದರೆ ದವಡೆ ಒಳಗೆ ಗುಂಯ್ ಅನ್ನುವ ಅದುರು ತಲೆವರೆಗೂ ಬರುತ್ತದೆ. ತಣ್ಣನೆ ನೀರು ಸುರಿಯುತ್ತಲೇ ಇರುತ್ತದೆ. ಮೂಳೆ ಬಿಸಿಯಾದರೆ ಇಂಪ್ಲಾಂಟ್ ಕೂಡಿಕೊಳ್ಳುವುದಿಲ್ಲವಂತೆ. ಕೊನೆಗೆ ಸಣ್ಣ ಸ್ಪ್ಯಾನರ್‌ನಂಥದ್ದರಿಂದ ಕಟಕಟ ಅಂತ ತಿರುಗಿಸಿದರು. "ಮೂವತ್ತೈದು" ಅಂದರು, ನರ್ಸ್ ಬರೆದುಕೊಂಡರು. ಎಷ್ಟು ಬಿಗಿಯಾಗಿ ಕೂತಿದೆ ಅನ್ನುವ ಅಳತೆ ಅದು. ಮೇಲೆ ಎರಡು ಮುಚ್ಚಳ ಹಾಕಿ ಹೊಲಿಗೆ ಹಾಕಿದರು. ಒಟ್ಟು ಮುಕ್ಕಾಲು ಗಂಟೆ.

ಆಮೇಲಿನ ಹತ್ತು ದಿನಕ್ಕೆ ಮಾತ್ರ ಸಿದ್ಧವಾಗಿರಿ. ಕೆಳಸೆಟ್ಟು ಹಾಕುವಂತಿಲ್ಲ. ಮೆತ್ತಗಿನದು, ತಣ್ಣಗಿನದು ಮಾತ್ರ ತಿನ್ನಬೇಕು. ಮೂರನೇ ದಿನ ಗದ್ದ ಊದಿ, ಚರ್ಮ ಹಳದಿ ನೀಲಿ ಆಯಿತು. ಕನ್ನಡಿ ನೋಡಿ ಅತ್ತುಬಿಟ್ಟೆ. ನಮ್ಮವರು "ಇದು ಇಳಿಯುತ್ತೆ ಅಂತ ಚೀಟಿಯಲ್ಲೇ ಬರೆದಿದ್ದಾರಲ್ಲ" ಅಂತ ಓದಿ ಹೇಳಿದರು. ಇಳಿಯಿತು. ಆದರೆ ಒಂದು ವಿಷಯಕ್ಕೆ ಕಾಯಬೇಡಿ: ಇಂಜೆಕ್ಷನ್ ಇಳಿದು ಮಾರನೇ ದಿನವೂ ಕೆಳತುಟಿ ಅಥವಾ ಗದ್ದ ಜೋಮು ಹಿಡಿದಂತೇ ಇದ್ದರೆ ಅವತ್ತೇ ಫೋನ್ ಮಾಡಿ. ನರಕ್ಕೆ ಒತ್ತಡ ಆಗಿರಬಹುದು. ಬೇಗ ನೋಡಿದಷ್ಟೂ ಒಳ್ಳೆಯದು. ನೋವು ಒಮ್ಮೆ ಇಳಿದು ಮತ್ತೆ ಏರಿದರೆ, ಕೀವು ಕಂಡರೆ, ಮುಚ್ಚಳ ಅಲ್ಲಾಡಿದರೆ ಕೂಡ ಅಷ್ಟೇ.

ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಕೆಳಸೆಟ್ಟಿನ ಒಳಗೆ ಮುಚ್ಚಳಗಳ ನೇರಕ್ಕೆ ಎರಡು ಕುಳಿ ಕೊರೆದು, ಮೆತ್ತನೆಯ ಲೈನಿಂಗ್ ಹಾಕಿಕೊಟ್ಟರು. ಸೆಟ್ಟು ಮುಚ್ಚಳಕ್ಕೆ ಗಟ್ಟಿಯಾಗಿ ಒತ್ತಬಾರದು. ಒತ್ತಿದರೆ ಇಂಪ್ಲಾಂಟ್ ಕೂಡಿಕೊಳ್ಳುವ ಮೊದಲೇ ಅಲುಗುತ್ತದೆ. ಈ ಲೈನಿಂಗ್ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗಾಗಿ ನಡುವೆ ಎರಡು ಸಲ ಬದಲಾಯಿಸಿಕೊಂಡೆ. ಮೂರು ತಿಂಗಳು ಹೀಗೇ. ಟೈಟೇನಿಯಂ ಮೇಲ್ಮೈಗೆ ಮೂಳೆ ಬೆಳೆದು ಹತ್ತಿಕೊಳ್ಳುವ ಸಮಯ ಅದು, ಅವಸರ ಮಾಡುವಂತಿಲ್ಲ. ಚೆನ್ನಾಗಿ ಬಿಗಿಯಾದವರಿಗೆ ಬೇಗ ಬಟನ್ ಹಾಕುವುದೂ ಉಂಟು. ನನ್ನ ಮೂಳೆ ಮಾತ್ರೆಯ ಕಾರಣಕ್ಕೆ ಡಾಕ್ಟರ್ ಕಾಯೋಣ ಅಂದರು. ಕೆಳದವಡೆಯ ಮುಂಭಾಗದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಇಂಪ್ಲಾಂಟ್ ಉಳಿಯುತ್ತವೆ ಅಂದಿದ್ದರು. ಆದರೂ ಆ ಉಳಿದ ಐದರಲ್ಲಿ ನಾನೇ ಇದ್ದರೆ ಅಂತ ರಾತ್ರಿ ಹೊತ್ತು ಯೋಚನೆ ಬರುತ್ತಿತ್ತು.

ಮೂರು ತಿಂಗಳ ಮೇಲೆ ಎಕ್ಸ್‌ರೇ ತೆಗೆದರು, ಎರಡೂ ಗಟ್ಟಿಯಾಗಿದ್ದವು. ಮುಚ್ಚಳ ತೆಗೆದು ಬಟನ್ ಹಾಕಿದರು. ನನಗೆ ಹಾಕಿದ್ದು ಲೊಕೇಟರ್ ಅನ್ನುವ ಬಗೆ. ಗಿಡ್ಡ, ದುಂಡಗೆ, ನಡುವೆ ಸಣ್ಣ ಗುಳಿ. ಒಸಡಿನ ದಪ್ಪ ಅಳೆದು ಅದಕ್ಕೆ ತಕ್ಕ ಎತ್ತರದ್ದು ಆರಿಸುತ್ತಾರೆ. ಅದರ ಜೋಡಿ ಸೆಟ್ಟಿನೊಳಗೆ ಕೂರುತ್ತದೆ: ಒಂದು ಲೋಹದ ಟೋಪಿ, ಅದರೊಳಗೆ ನೈಲಾನ್ ಬಿಲ್ಲೆ. ಹಿಡಿಯುವುದು ಆ ನೈಲಾನ್. ಬಣ್ಣದ ಮೇಲೆ ಬಿಗಿ ಗೊತ್ತಾಗುತ್ತದೆ. ನೀಲಿ ಸಡಿಲ, ಗುಲಾಬಿ ನಡುವಿನದು, ಬಣ್ಣವಿಲ್ಲದ್ದು ಅತಿ ಬಿಗಿ.

ಟೋಪಿಯನ್ನು ಸೆಟ್ಟಿಗೆ ಅಂಟಿಸುವುದು ಬಾಯಿಯೊಳಗೇ. ಬಟನ್ ಮೇಲೆ ಟೋಪಿ ಕೂರಿಸಿ, ಕೆಳಗೆ ಬಿಳಿ ರಬ್ಬರ್ ಉಂಗುರ ತೂರಿಸುತ್ತಾರೆ. ಟೋಪಿ ಅಂಟಿಸಲು ಕಲಸಿದ ಪ್ಲಾಸ್ಟಿಕ್, ಬಟನ್ ಕೆಳಗೆ ಹರಿದು ಗಟ್ಟಿಯಾದರೆ ಸೆಟ್ಟು ಬಾಯಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ತಡೆಯುವುದು ಆ ಉಂಗುರ. ಆಮೇಲೆ ಸೆಟ್ಟಿನ ಕುಳಿಗೆ ಪ್ಲಾಸ್ಟಿಕ್ ತುಂಬಿ, ಬಾಯಿಗೆ ಹಾಕಿ, "ಹಲ್ಲು ಹಗುರವಾಗಿ ಮುಟ್ಟಿಸಿ, ಕಚ್ಚಬೇಡಿ" ಅಂದರು.

ನಾನು ಕಚ್ಚಿದೆ. ಬೇಕಂತ ಅಲ್ಲ. ಸೆಟ್ಟು ಜಾರಿಬಿಟ್ಟರೆ ಅನ್ನುವ ಹನ್ನೊಂದು ವರ್ಷದ ಭಯ.

ಅವತ್ತು ಮನೆಗೆ ಬಂದಾಗ ಎಲ್ಲ ಚೆನ್ನಾಗಿತ್ತು. ಟಕ್ ಅಂತ ಕೂರುತ್ತಿತ್ತು. ರಾತ್ರಿ ತೆಗೆಯಲು ಹೋದರೆ ಬರಲೇ ಇಲ್ಲ! ಬೆವರು ಕಿತ್ತುಕೊಂಡು ಬಂತು. ನಮ್ಮವರು ಬಂದು, "ಒಂದೇ ಕಡೆ ಯಾಕೆ ಎಳೀತೀಯ, ಎರಡು ಹೆಬ್ಬೆರಳನ್ನೂ ಅಂಚಿನ ಕೆಳಗೆ ಇಟ್ಟು ಒಟ್ಟಿಗೆ ಎತ್ತು" ಅಂದರು. ಬಂತು. ಹಾಕುವಾಗಲೂ ಬೆರಳಿನಿಂದಲೇ ಒತ್ತಿ ಕೂರಿಸಬೇಕು. ಬಟನ್ ಮೇಲೆ ಸೆಟ್ಟಿಟ್ಟು ಕಚ್ಚಿ ಕೂರಿಸುವ ಅಭ್ಯಾಸ ಮಾಡಿಕೊಂಡರೆ ನೈಲಾನ್ ಬೇಗ ಹಾಳಾಗುತ್ತದೆ.

ಒಂದು ವಾರದಲ್ಲಿ ಬಲಗಡೆ ಟಕ್ ಅನ್ನುವುದು ನಿಂತಿತು. ನೈಲಾನ್ ಇಷ್ಟು ಬೇಗ ಸವೆಯಿತಾ ಅಂತ ಹೋದೆ. ಡಾಕ್ಟರ್ ಸೆಟ್ಟಿನ ಬಲಗಡೆ ಹಿಂದಿನ ಹಲ್ಲನ್ನು ಬೆರಳಿನಿಂದ ಒತ್ತಿದರು, ಎಡಗಡೆ ಮುಂಭಾಗ ಮೇಲೆದ್ದಿತು. ಕಾರಣ ಸರಳ. ಒಸಡು ಸ್ಪಂಜಿನಂತೆ. ನಾನು ಗಟ್ಟಿಯಾಗಿ ಕಚ್ಚಿದಾಗ ಅದು ಅಮುಕಿತ್ತು, ಆ ಸ್ಥಿತಿಯಲ್ಲೇ ಟೋಪಿ ಗಟ್ಟಿಯಾಯಿತು. ಆಮೇಲೆ ಒಸಡು ಮತ್ತೆ ಉಬ್ಬಿ ಸೆಟ್ಟನ್ನು ಸದಾ ಮೇಲಕ್ಕೆ ನೂಕುತ್ತಿತ್ತು. ನೈಲಾನ್ ಹಗಲೂ ರಾತ್ರಿ ಎಳೆತದಲ್ಲಿತ್ತು. ಬಲಗಡೆ ಟೋಪಿ ಕೊರೆದು ತೆಗೆದು ಮತ್ತೆ ಕೂರಿಸಿದರು. ಈ ಸಲ ನರ್ಸ್ ನನ್ನ ಗದ್ದ ಹಿಡಿದುಕೊಂಡೇ ನಿಂತರು.

ಈಗ ದುಡ್ಡಿನ ಮಾತು. ದರ ಒಂದೊಂದು ಕಡೆ ಒಂದೊಂದು ಥರ, ಹಾಗಾಗಿ ನನ್ನ ಅಂಕಿ ಹೇಳಿ ಪ್ರಯೋಜನವಿಲ್ಲ. ನನ್ನ ಒಟ್ಟು ಖರ್ಚನ್ನು 100 ಅಂತ ಇಟ್ಟುಕೊಳ್ಳಿ. ಎರಡು ಇಂಪ್ಲಾಂಟ್, ಆಪರೇಷನ್ ಸೇರಿ 48. ಜಾಲರಿ ಸಮೇತ ಮೇಲೆ ಕೆಳಗೆ ಹೊಸ ಸೆಟ್ಟು 20. ಬಟನ್, ಟೋಪಿ, ಅದನ್ನು ಕೂರಿಸಿದ ಕೆಲಸ 20. ಸ್ಕ್ಯಾನ್ 4. ಲೈನಿಂಗ್, ಔಷಧಿ, ಚಿಲ್ಲರೆ ಭೇಟಿಗಳು 8. ಮೊದಲ ಕ್ಲಿನಿಕ್ಕಿನ ಚೀಟಿಯಲ್ಲಿ ಇದ್ದದ್ದು ಆ 48 ಮಾತ್ರ. ಬಟನ್ನಿಗೆ ಬೇರೆ ಅಂತ ಅಲ್ಲಿ ಬರೆದೇ ಇರಲಿಲ್ಲ. ಬಟನ್ ಇಲ್ಲದ ಇಂಪ್ಲಾಂಟ್ ಬಾಯಲ್ಲಿ ಇಟ್ಟುಕೊಂಡು ನಾನೇನು ಮಾಡಲಿ? ಹಾಗಾಗಿ ದರ ಕೇಳುವಾಗ "ಸೆಟ್ಟು ಟಕ್ ಅಂತ ಕೂರುವವರೆಗೆ ಎಲ್ಲ ಸೇರಿ ಎಷ್ಟು, ಇಂಪ್ಲಾಂಟ್ ಕೂಡದೆ ಹೋದರೆ ಮತ್ತೆ ಹಾಕಲು ಎಷ್ಟು" ಅಂತ ಬರವಣಿಗೆಯಲ್ಲಿ ಕೇಳಿ. ನಾಲ್ಕು ಇಂಪ್ಲಾಂಟ್ ಮತ್ತು ಕಂಬಿಗೆ ನನಗೆ ಹೇಳಿದ್ದು ಇದರ ಸುಮಾರು ಎರಡು ಪಟ್ಟು. ತೆಗೆಯಲಾಗದ ಸ್ಕ್ರೂ ಹಲ್ಲಿಗೆ ಮೂರು ಪಟ್ಟಿಗೂ ಮೇಲೆ.

ಖರ್ಚು ಅಲ್ಲಿಗೆ ನಿಲ್ಲುವುದೂ ಇಲ್ಲ. ನೈಲಾನ್ ಬಿಲ್ಲೆ ಸವೆಯುವ ವಸ್ತು, ವರ್ಷಕ್ಕೊಮ್ಮೆ ಬದಲಾಯಿಸುವ ಲೆಕ್ಕ ಇಟ್ಟುಕೊಳ್ಳಿ ಅಂದಿದ್ದಾರೆ. ಕೆಲವರಿಗೆ ಆರು ತಿಂಗಳಿಗೇ ಬೇಕಾಗುತ್ತದೆ. ಅದು ಸಣ್ಣ ಖರ್ಚು. ದೊಡ್ಡದು ಲೈನಿಂಗ್. ಮುಂದುಗಡೆ ಇಂಪ್ಲಾಂಟ್ ಸುತ್ತ ಮೂಳೆ ಉಳಿದುಕೊಳ್ಳುತ್ತದೆ, ಆದರೆ ಹಿಂದುಗಡೆ ದಿಣ್ಣೆ ಕರಗುವುದು ನಿಲ್ಲುವುದಿಲ್ಲ. ಅಲ್ಲಿ ಸೆಟ್ಟಿನ ಕೆಳಗೆ ಟೊಳ್ಳಾಗುತ್ತದೆ, ಸೆಟ್ಟು ಬಟನ್ ಮೇಲೆ ಏತದಂತೆ ಆಡುತ್ತದೆ. ಗೊತ್ತಾಗುವುದು ಹೇಗೆ ಅಂದರೆ, ಹೊಸ ನೈಲಾನ್ ಹಾಕಿಸಿದರೂ ಕೆಲವೇ ವಾರದಲ್ಲಿ ಸಡಿಲವಾಗುತ್ತದೆ. ಆಗ ನೈಲಾನ್ ಬದಲಾಯಿಸುತ್ತಾ ಕೂರಬೇಡಿ, ಒಳಗೆ ಹೊಸ ಲೈನಿಂಗ್ ಬೇಕಾ ನೋಡಿ ಅಂತ ಕೇಳಿ.

ಇನ್ನೊಂದು ಕಾಗದ ಮರೆಯಬೇಡಿ. ಇಂಪ್ಲಾಂಟ್ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್‌ಗಳನ್ನು ಒಂದು ಕಾರ್ಡಿಗೆ ಅಂಟಿಸಿಕೊಡುತ್ತಾರೆ. ಕೊಡದಿದ್ದರೆ ಕೇಳಿ ತಗೊಳ್ಳಿ. ಅದರ ಮೇಲೆ ಬಟನ್ನಿನ ಹೆಸರು, ಎತ್ತರ ಬರೆಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ಬೇರೆ ಡಾಕ್ಟರ್ ಹತ್ತಿರ ಹೋದಾಗ ಯಾವ ಸ್ಕ್ರೂ, ಯಾವ ಬಿಲ್ಲೆ ಅಂತ ಅವರು ಊಹೆ ಮಾಡುತ್ತಾ ಕೂರಬೇಕಾಗುತ್ತದೆ. ನನ್ನದನ್ನು ಫೋನಿನಲ್ಲೂ ಫೋಟೊ ತೆಗೆದಿಟ್ಟಿದ್ದೇನೆ.

ಏನು ಸಿಕ್ಕಿತು, ಏನು ಸಿಗಲಿಲ್ಲ? ಅಂಟಿನ ಪೇಸ್ಟ್ ಕಸದಬುಟ್ಟಿಗೆ ಹೋಯಿತು. ಸೀನಿದರೆ ಕೈ ಬಾಯಿಗೆ ಹೋಗುವುದಿಲ್ಲ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ಸೆಟ್ಟು ಕಟಕಟ ಅನ್ನುವುದಿಲ್ಲ. ಸೇಬು ಹೋಳು ಮಾಡಿಕೊಂಡು ತಿನ್ನುತ್ತೇನೆ. ಆದರೆ ಇಡೀ ಸೇಬನ್ನು ಮುಂದಿನ ಹಲ್ಲಿನಿಂದ ಕಚ್ಚಿದರೆ ಸೆಟ್ಟಿನ ಹಿಂಭಾಗ ಸ್ವಲ್ಪ ಎದ್ದು ಬರುತ್ತದೆ. ಬಟನ್ ಇರುವುದು ಎರಡೇ, ಅದೂ ಮುಂದುಗಡೆ. ಹಿಂದೆ ಸೆಟ್ಟು ಇವತ್ತಿಗೂ ಒಸಡಿನ ಮೇಲೇ ಕೂತಿದೆ. ಟೊಮೆಟೊ ಬೀಜ ಈಗಲೂ ಕೆಳಗೆ ಸೇರುತ್ತದೆ. ಸ್ವಂತ ಹಲ್ಲು ಬಂದಂತಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ತಮಾಷೆ. ಕೆಳಗಿನದು ಗಟ್ಟಿಯಾದ ಮೇಲೆ ನನ್ನ ಮೇಲಿನ ಸೆಟ್ಟು ಸಡಿಲ ಅನ್ನಿಸತೊಡಗಿತು. ಮೊದಲು ಕೆಳಗಿನದೇ ಜಾರಿಬಿಡುತ್ತಿತ್ತು, ಜೋರಾಗಿ ಅಗಿಯುವ ಪ್ರಸಂಗವೇ ಇರಲಿಲ್ಲ. ಈಗ ಮುಂದಿನ ಹಲ್ಲಿನಲ್ಲಿ ಬಲ ಬಂದಿದೆ, ಆ ಪೆಟ್ಟು ಮೇಲಿನ ಸೆಟ್ಟಿಗೆ ಬೀಳುತ್ತದೆ. ಹಾಗೇ ಬಿಟ್ಟರೆ ಮೇಲ್ದವಡೆಯ ಮುಂದಿನ ಮೂಳೆ ಬೇಗ ಸವೆಯುತ್ತದೆ ಅಂತ, ಮುಂದಿನ ಹಲ್ಲು ಒಂದಕ್ಕೊಂದು ಜೋರಾಗಿ ತಾಗದ ಹಾಗೆ ಉಜ್ಜಿ ಸರಿಮಾಡಿದರು. ಎರಡೂ ಸೆಟ್ಟು ಒಟ್ಟಿಗೆ ಮಾಡಿಸಿ ಅಂದದ್ದರ ಅರ್ಥ ಆಗ ಪೂರ್ತಿ ಗೊತ್ತಾಯಿತು.

ರಾತ್ರಿ ಸೆಟ್ಟು ತೆಗೆದು ನೀರಿನಲ್ಲಿಡುತ್ತೇನೆ. ಮೆತ್ತನೆ ಬ್ರಷ್‌ನಿಂದ ಬಟನ್ ಸುತ್ತ, ಒಸಡು ಸೇರುವ ಅಂಚಿನಲ್ಲಿ ಉಜ್ಜುತ್ತೇನೆ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲ ಒಸಡು ಊದಿ ರಕ್ತ ಬಂದರೆ ಮೂಳೆಯೂ ಕರಗಬಹುದು. ಬಟನ್ ನಡುವಿನ ಆ ಸಣ್ಣ ಗುಳಿಯನ್ನು ಮರೆಯಬೇಡಿ. ಹೋದ ತಿಂಗಳು ನನ್ನ ಎಡಗಡೆಯದು ಸರಿಯಾಗಿ ಕೂರುತ್ತಿರಲಿಲ್ಲ. ಮತ್ತೆ ಟೋಪಿ ಕೊರೆಯಬೇಕೇನೋ ಅಂತ ಹೆದರಿ ಓಡಿದೆ. ಡಾಕ್ಟರ್ ಭೂತಗನ್ನಡಿ ಹಾಕಿಕೊಂಡು ನೋಡಿ, ಚೂಪು ಕಡ್ಡಿಯಿಂದ ಗುಳಿಯೊಳಗಿಂದ ಎಳ್ಳಿಗಿಂತ ಚಿಕ್ಕ ಗಟ್ಟಿ ಕೊಳೆ ತೆಗೆದು ಬೆರಳ ತುದಿಯಲ್ಲಿ ತೋರಿಸಿದರು. ಸೆಟ್ಟು ಟಕ್ ಅಂತು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಹೇಗೂ ಬಂದಿದ್ದೀರಲ್ಲ ಅಂತ ನೀಲಿ ಬಿಲ್ಲೆ ತೆಗೆದು ಗುಲಾಬಿ ಹಾಕಿದರು, ಅದಕ್ಕೆ ಮಾತ್ರ ತಗೊಂಡರು.

ನಾಲಿಗೆ ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ. ಟಿವಿ ನೋಡುತ್ತಾ ಕೂತಾಗ ಗಮನಿಸಿದರೆ, ಅದು ಸೆಟ್ಟನ್ನು ಕೆಳಗೆ ಒತ್ತಿ ಹಿಡಿದೇ ಇರುತ್ತದೆ.